ಆರು ಚದರದ ಮೋಲ್ಡ್: ಲಾರಿ ಕಾಂಕ್ರೀಟ್ ತರಿಸಬೇಕೇ, ಮಿಲ್ಲರ್‌ನಲ್ಲಿ ಕಲಸಬೇಕೇ?

ಮೋಲ್ಡ್ ಹಾಕುವ ವಾರ ಹತ್ತಿರ ಬಂದಾಗ ಮೇಸ್ತ್ರಿ 'ಮಿಲ್ಲರ್ ತರ್ಸೋಣ ಸಾರ್, ಅಗ್ಗ ಆಗುತ್ತೆ' ಅಂತಾರೆ. ಎಂಜಿನಿಯರ್ 'ಆರ್‌ಎಂಸಿ ಹಾಕಿಸಿಬಿಡಿ' ಅಂತಾರೆ. ಮಿಲ್ಲರ್ ಅಂದರೆ ಸೈಟಿನಲ್ಲೇ ಕಾಂಕ್ರೀಟ್ ಕಲಸುವ ಯಂತ್ರ, ಆರ್‌ಎಂಸಿ ಅಂದರೆ ಪ್ಲಾಂಟಿನಲ್ಲಿ ಕಲಸಿ ಲಾರಿಯಲ್ಲಿ ಬರುವ ಕಾಂಕ್ರೀಟ್. ಇಬ್ಬರ ಮಾತೂ ಸುಳ್ಳಲ್ಲ. ಯಾವುದು ನಿಮಗೆ ಸರಿ ಅನ್ನೋದು ನಿಮ್ಮ ಸ್ಲ್ಯಾಬ್ ಎಷ್ಟು ದೊಡ್ಡದು, ಮನೆ ಮುಂದಿನ ರಸ್ತೆ ಎಂಥದ್ದು ಅನ್ನೋದರ ಮೇಲೆ ನಿಂತಿದೆ.

ಮೊದಲು ಅಳತೆ

20×30 ಅಡಿಯ ಸೂರು ಹಿಡಿಯೋಣ. ಅಂದರೆ ಆರು ಚದರ, 5 ಇಂಚು ದಪ್ಪ. 20×30 ಅನ್ನು 5ರಿಂದ ಗುಣಿಸಿ 12ರಿಂದ ಭಾಗಿಸಿದರೆ 250 ಘನ ಅಡಿ. ಕೆಳಗೆ ಇಳಿಯುವ ಬೀಮ್‌ಗಳಿಗೆ ಇನ್ನೊಂದು 35 ಸೇರಿಸಿ. ಒಂದು ಕ್ಯೂಬಿಕ್ ಮೀಟರ್ ಅಂದರೆ 35.3 ಘನ ಅಡಿ, ಹಾಗಾಗಿ ಒಟ್ಟು ಸುಮಾರು 8 ಕ್ಯೂಬಿಕ್ ಮೀಟರ್. ಚೆಲ್ಲಿ ಹೋಗುವುದಕ್ಕೆ, ಪಂಪಿನ ಪೈಪಿನಲ್ಲಿ ಉಳಿಯುವುದಕ್ಕೆ ಅರ್ಧ ಜಾಸ್ತಿ ಇಟ್ಟು 8.5 ಆರ್ಡರ್ ಮಾಡಬೇಕು.

ಈ 8.5 ಸ್ವಲ್ಪ ತಲೆನೋವಿನ ಸಂಖ್ಯೆ. ನಮ್ಮ ಕಡೆ ಬರುವ ಲಾರಿಗಳು ಹೆಚ್ಚಾಗಿ 6 ಕ್ಯೂಬಿಕ್ ಮೀಟರ್ ಹೊರುವಂಥವು. ಒಂದು ತುಂಬಿ ಬರುತ್ತದೆ, ಇನ್ನೊಂದು ಅರ್ಧ ಖಾಲಿ. ಆ ಖಾಲಿ ಜಾಗಕ್ಕೂ ಕಂಪನಿಯವರು ಸಾಮಾನ್ಯವಾಗಿ ದುಡ್ಡು ಕೇಳುತ್ತಾರೆ.

ಖರ್ಚಿನ ಲೆಕ್ಕ

ಕೆಳಗಿನ ದರಗಳು ಲೆಕ್ಕ ತೋರಿಸೋಕೆ ಹಿಡಿದವು. ನಿಮ್ಮೂರ ದರ ಹಾಕಿ ಮತ್ತೆ ಕೂಡಿ.

ಮಿಲ್ಲರ್‌ನಲ್ಲಿ ಎಂ20 ಕಲಸಲು, ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ, ಒಂದು ಕ್ಯೂಬಿಕ್ ಮೀಟರಿಗೆ ಹತ್ತಿರ ಹತ್ತಿರ 8 ಮೂಟೆ ಸಿಮೆಂಟ್ ಬೇಕು. ವೇಸ್ಟೇಜ್ ಸೇರಿ 67 ಮೂಟೆ. ಮೂಟೆಗೆ 400ರಂತೆ 26,800 ರೂಪಾಯಿ. ಎಂ-ಸ್ಯಾಂಡ್ 6 ಟನ್, 1,200ರಂತೆ 7,200. ಇಪ್ಪತ್ತು ಎಂಎಂ ಜಲ್ಲಿ ಹತ್ತೂವರೆ ಟನ್, 900ರಂತೆ 9,450. ಮಿಲ್ಲರ್, ಲಿಫ್ಟ್, ವೈಬ್ರೇಟರ್ ಸಮೇತ ಬರುವ ಕಾಂಕ್ರೀಟ್ ಗ್ಯಾಂಗಿಗೆ 20,000. ಒಟ್ಟು 63,450.

ಆರ್‌ಎಂಸಿ ಜಿಎಸ್‌ಟಿ ಸೇರಿ 5,200 ಆದರೆ 8.5ಕ್ಕೆ 44,200. ಪಂಪಿಗೆ 9,000, ಅರ್ಧ ಲಾರಿಯ ದಂಡ 2,500, ಹರಡಿ ಮಟ್ಟ ಮಾಡುವ ಆಳುಗಳಿಗೆ 8,000. ಒಟ್ಟು 63,700. ನೋಡಿ, ವ್ಯತ್ಯಾಸ 250 ರೂಪಾಯಿ!

ಇದೇ ಲೆಕ್ಕವನ್ನು ಎರಡು ಚದರದ ಮೋಲ್ಡಿಗೆ ಹಾಕಿ. ಕೆಳಗೆ ಇಳಿಯುವ ಬೀಮ್ ಇಲ್ಲವೆಂದರೆ ಬೇಕಾಗುವುದು ಎರಡೂವರೆ ಕ್ಯೂಬಿಕ್ ಮೀಟರಿಗಿಂತ ಸ್ವಲ್ಪ ಕಡಿಮೆ. ಮಿಲ್ಲರ್‌ನಲ್ಲಿ ಮಾಲು, ಕೂಲಿ ಎಲ್ಲ ಸೇರಿ 23,000ದ ಆಸುಪಾಸು. ಲಾರಿಯಾದರೆ 3 ಕ್ಯೂಬಿಕ್ ಮೀಟರ್ ತರಿಸಬೇಕು. ಪಂಪಿನ ಬಾಡಿಗೆ ಸ್ಲ್ಯಾಬ್ ಚಿಕ್ಕದೆಂದು ಕಡಿಮೆ ಆಗುವುದಿಲ್ಲ. 32,000 ದಾಟುತ್ತದೆ. ಹಾಗಾಗಿ ಮೂರು ಚದರದೊಳಗೆ ಮಿಲ್ಲರ್, ಆರು ಚದರದ ಮೇಲೆ ಆರ್‌ಎಂಸಿ, ನಡುವೆ ರಸ್ತೆ ನೋಡಿ ತೀರ್ಮಾನ ಎನ್ನುವುದು ನನ್ನ ಲೆಕ್ಕ. ತುಂಬಿದ ಲಾರಿ 25 ಟನ್ ಹತ್ತಿರ ತೂಗುತ್ತದೆ. ಹೊಸದಾಗಿ ಅಗೆದು ಮುಚ್ಚಿದ ಯುಜಿಡಿ ಲೈನ್ ಮೇಲೆ ಅದನ್ನು ಹತ್ತಿಸೋದು ಬೇಡ.

ಮಿಲ್ಲರ್ ಆದರೆ ನೀರಿನ ಮೇಲೆ ಕಣ್ಣು

ಸೈಟಿನಲ್ಲಿ ಕಾಂಕ್ರೀಟ್ ಕೆಡುವುದು ಬಹುತೇಕ ನೀರಿನಿಂದ. ಐಎಸ್ 456 ಪ್ರಕಾರ ಎಂ20ಗೆ ಒಂದು ಮೂಟೆಗೆ ಹೆಚ್ಚೆಂದರೆ 30 ಲೀಟರ್. ಅಂದರೆ 20 ಲೀಟರಿನ ಪೇಂಟ್ ಬಕೆಟ್ಟಿನಲ್ಲಿ ಒಂದೂವರೆ. ಪೈಪ್ ಹಿಡಿದು ಬಿಟ್ಟರೆ 40 ಆಗುವುದು ಗೊತ್ತೇ ಆಗುವುದಿಲ್ಲ, ಬಲ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಮಳೆಯಲ್ಲಿ ನೆಂದ ಮರಳಿದ್ದರೆ ಇನ್ನೂ ಕಷ್ಟ. ಒಂದು ಮೂಟೆಗೆ ಹಾಕುವ ಸುಮಾರು 80 ಕಿಲೋ ಮರಳಿನಲ್ಲಿ ನೂರಕ್ಕೆ 5ರಷ್ಟು ತೇವವಿದ್ದರೂ 4 ಲೀಟರ್ ನೀರು ಆಗಲೇ ಒಳಗಿದೆ. ಬಕೆಟ್ಟಿನಿಂದ ಅಷ್ಟನ್ನು ಕಡಿಮೆ ಮಾಡಬೇಕು.

ಮರಳು, ಜಲ್ಲಿಯನ್ನು ಬಾಂಡ್ಲಿಯಲ್ಲಿ ಎಣಿಸಲು ಬಿಡಬೇಡಿ. ಬೆಳಗ್ಗೆ ಗುಡ್ಡೆ ಮಾಡಿ ತುಂಬುವ ಕೈ ಮಧ್ಯಾಹ್ನ ಊಟವಾದ ಮೇಲೆ ಮಟ್ಟಕ್ಕೆ ತುಂಬುತ್ತದೆ. ಒಳ ಅಳತೆ 40×35×25 ಸೆಂಟಿಮೀಟರ್ ಇರುವ ಪೆಟ್ಟಿಗೆ ಮಾಡಿಸಿ. ಅದರಲ್ಲಿ 35 ಲೀಟರ್ ಹಿಡಿಯುತ್ತದೆ, ಅದು ಸರಿಯಾಗಿ ಒಂದು ಮೂಟೆ ಸಿಮೆಂಟಿನ ಗಾತ್ರ. ಒಂದು ಮೂಟೆಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಎಲ್ಲ ಬಿದ್ದ ಮೇಲೆ ಡ್ರಮ್ ಕನಿಷ್ಠ 2 ನಿಮಿಷ ತಿರುಗಲಿ. ಗ್ಯಾಂಗಿಗೆ ಗುತ್ತಿಗೆ ಕೊಟ್ಟಿದ್ದರೆ ಅವರಿಗೆ ಅವಸರ ಇರುತ್ತೆ, ಅಲ್ವಾ? ಅಲ್ಲಿ ಮನೆಯವರೊಬ್ಬರು ನಿಲ್ಲಲೇಬೇಕು.

ಕಾಂಕ್ರೀಟ್ ಸರಿ ಇದೆಯೋ ಇಲ್ಲವೋ ಬಾಂಡ್ಲಿ ನೋಡಿದರೆ ತಿಳಿಯುತ್ತದೆ. ನೀರು ಹದವಾಗಿದ್ದರೆ ಗುಡ್ಡೆ ನಿಲ್ಲುತ್ತದೆ, ಜಲ್ಲಿಯ ಮೈಗೆ ಗಾರೆ ಅಂಟಿರುತ್ತದೆ. ಜಾಸ್ತಿಯಾಗಿದ್ದರೆ ಜಲ್ಲಿ ತಳಕ್ಕಿಳಿದು ಮೇಲೆ ಸಿಮೆಂಟ್ ಹಾಲು ತೇಲುತ್ತದೆ. ಆ ಹಾಲೇ ಸೆಂಟ್ರಿಂಗ್ ಶೀಟಿನ ಸಂದಿಯಿಂದ ಸೋರಿ, ಶೀಟ್ ಬಿಚ್ಚಿದಾಗ ಜಲ್ಲಿ ಕಾಣುವ ತೂತುಗಳಾಗುತ್ತವೆ.

ಲಾರಿ ಆದರೆ ಚಲನ್ ಮೇಲೆ ಕಣ್ಣು

ಪ್ಲಾಂಟಿನಲ್ಲಿ ಎಲ್ಲವನ್ನೂ ತೂಕ ಮಾಡಿ ಹಾಕುತ್ತಾರೆ, ಮರಳಿನ ತೇವವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಆರ್‌ಎಂಸಿಯ ನಿಜವಾದ ಲಾಭ ಇದು. ಮೊದಲ ಬಾಂಡ್ಲಿಗೂ ಕೊನೆಯ ಬಾಂಡ್ಲಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಕೆಡುವುದೇನಿದ್ದರೂ ದಾರಿಯಲ್ಲಿ ಮತ್ತು ನಿಮ್ಮ ಗೇಟಿನ ಮುಂದೆ.

ಲಾರಿ ಬಂದ ಕೂಡಲೇ ಚಲನ್ ಕೇಳಿ. ಗ್ರೇಡ್, ಪ್ರಮಾಣ, ಲೋಡ್ ಆದ ಸಮಯ ನೋಡಿ. ಐಎಸ್ 4926 ಪ್ರಕಾರ ಸಾಮಾನ್ಯವಾಗಿ ಲೋಡ್ ಆದ 2 ಗಂಟೆಯೊಳಗೆ ಖಾಲಿಯಾಗಬೇಕು. ಟ್ರಾಫಿಕ್‌ನಲ್ಲಿ ಸಿಕ್ಕಿ ಗಟ್ಟಿಯಾಗಿದ್ದರೆ ಡ್ರೈವರ್ ಡ್ರಮ್ಮಿಗೆ ಪೈಪ್ ಹಾಕಿ ನೀರು ಬಿಡಲು ಹೋಗುತ್ತಾನೆ. ಅದನ್ನು ಖಡಾಖಂಡಿತ ತಡೆಯಿರಿ. ಬೇಕಿದ್ದರೆ ಪ್ಲಾಂಟಿನವರೇ ಬಂದು ಕಾಂಕ್ರೀಟ್ ಸಡಿಲ ಮಾಡುವ ಅಡ್ಮಿಕ್ಸ್ಚರ್ ಹಾಕಲಿ, ಇಲ್ಲವಾದರೆ ವಾಪಸ್ ಕಳಿಸಿ.

ಪ್ರಮಾಣದ ಬಗ್ಗೆ ಅನುಮಾನವಿದ್ದರೆ ವೇ ಬ್ರಿಡ್ಜಿನಲ್ಲಿ ತುಂಬಿದ ತೂಕ, ಖಾಲಿ ತೂಕ ಎರಡೂ ಹಾಕಿಸಿ. ಒಂದು ಕ್ಯೂಬಿಕ್ ಮೀಟರ್ ಸುಮಾರು 2,400 ಕಿಲೋ, 6ಕ್ಕೆ 14,400. ಒಂದು ಟನ್ ಕಡಿಮೆ ಬಂದರೆ ಅರ್ಧ ಕ್ಯೂಬಿಕ್ ಮೀಟರಿನ ಹತ್ತಿರ ಕಡಿಮೆ ಅಂತಲೇ ಅರ್ಥ.

ಪಂಪ್ ಶುರು ಮಾಡುವಾಗ ಪೈಪ್ ಜಾರಲೆಂದು ಮೊದಲು ಸಿಮೆಂಟ್ ಸ್ಲರಿ ಬಿಡುತ್ತಾರೆ. ಅದನ್ನು ಡ್ರಮ್ಮಿಗೆ ಹಿಡಿದು ಹೊರಗೆ ಚೆಲ್ಲಿಸಿ, ಸ್ಲ್ಯಾಬಿನ ಒಂದು ಮೂಲೆಗೆ ಸುರಿಯಲು ಬಿಡಬೇಡಿ. ಇನ್ನೊಂದು ಅಪಾಯ ವೇಗದ್ದು. ಮಿಲ್ಲರ್‌ನಲ್ಲಿ ಇಡೀ ದಿನ ಬೀಳುವ ಭಾರ ಪಂಪಿನಲ್ಲಿ ಒಂದೆರಡು ಗಂಟೆಯಲ್ಲೇ ಬೀಳುತ್ತದೆ. ಒಂದೇ ಕಡೆ ಗುಡ್ಡೆ ಹಾಕಿದರೆ ಜಾಕಿ ಜಾರಬಹುದು. ಹಿಂದಿನ ಸಂಜೆಯೇ ಪ್ರತಿ ಜಾಕಿಯ ತಳಕ್ಕೆ ಹಲಗೆ ಇದೆಯಾ ನೋಡಿ, ಪೈಪನ್ನು ಸರಳಿನ ಮೇಲೆ ಬಿಡದೆ ಪ್ರತ್ಯೇಕ ಸ್ಟ್ಯಾಂಡ್ ಕೊಡಿಸಿ.

ಎರಡನೇ ಲಾರಿಯನ್ನು ಮೊದಲನೆಯದು ಅರ್ಧ ಖಾಲಿಯಾದಾಗಲೇ ಹೊರಡಿಸಲು ಹೇಳಿ. ಬಿಸಿಲಲ್ಲಿ ತುಂಬಾ ತಡವಾದರೆ ಹಳೆಯದು ಬಿಗಿದು ಹೊಸದರ ಜೊತೆ ಕೂಡುವುದಿಲ್ಲ. ಮಳೆಗಾಲದಲ್ಲಿ ಆ ಗೆರೆಯಲ್ಲೇ ಸೋರುತ್ತದೆ.

ಹಾಕಿದ ಮೇಲೆ

ಎರಡಕ್ಕೂ ಒಂದೇ ಕೆಲಸ. ಸುರಿಯುವಾಗಲೇ ನಡುವಿನಿಂದ ತೆಗೆದು ಬಲ ಪರೀಕ್ಷೆಗೆ ಮೂರು ಕ್ಯೂಬ್ ತುಂಬಿಸಿ, ಹೆಸರು, ತಾರೀಖು ಬರೆಸಿ. 28 ದಿನಕ್ಕೆ ಒತ್ತಿಸಿದಾಗ ಎಂ20ಯ ಸರಾಸರಿ ಚದರ ಮಿಲಿಮೀಟರಿಗೆ 20 ನ್ಯೂಟನ್‌ಗಿಂತ ಚೆನ್ನಾಗಿ ಮೇಲಿರಬೇಕು. ಕ್ಯೂಬ್ ಅಚ್ಚು ಎಷ್ಟೋ ಮಿಲ್ಲರ್ ಗ್ಯಾಂಗ್‌ಗಳ ಬಳಿ ಇರುವುದಿಲ್ಲ, ಲ್ಯಾಬಿನಿಂದ ಬಾಡಿಗೆಗೆ ತನ್ನಿ.

ನೀರು ಕಟ್ಟುವುದು ಬರೀ ಸಿಮೆಂಟಾದರೆ ಕನಿಷ್ಠ 7 ದಿನ. ಪಿಪಿಸಿ, ಹಾರುಬೂದಿ ಸೇರಿದ್ದರೆ 10, ಬಿಸಿಲೂರಲ್ಲಿ 14. ಆರ್‌ಎಂಸಿಯಲ್ಲಿ ಸಾಮಾನ್ಯವಾಗಿ ಹಾರುಬೂದಿ ಅಥವಾ ಸ್ಲ್ಯಾಗ್ ಇರುತ್ತದೆ, ಅದು ನಿಧಾನ ಬಿಗಿಯುತ್ತದೆ. ಹಾಗಾಗಿ ಲಾರಿ ಕಾಂಕ್ರೀಟ್ ಅಂತ ಸೆಂಟ್ರಿಂಗ್ ಬೇಗ ಬಿಚ್ಚಲು ಮೇಸ್ತ್ರಿ ಅವಸರ ಮಾಡಿದರೆ ಒಪ್ಪಬೇಡಿ, ಎಂಜಿನಿಯರ್ ಹೇಳುವ ತನಕ ಜಾಕಿ ಹಾಗೇ ಇರಲಿ.