ಮೂರು ನಿಮಿಷದ ಟೋಸ್ಟ್: ಉದ್ದದ ಮದುವೆ ಭಾಷಣಕ್ಕೆ ಕತ್ತರಿ ಹಾಕುವುದು ಹೇಗೆ?

ಮಂಗಳೂರಿನ ಕ್ರೈಸ್ತ ಮದುವೆಯ ಸತ್ಕಾರಕೂಟಗಳಲ್ಲಿ ವಧೂವರರಿಗೆ ಹಾರೈಸಿ ಗ್ಲಾಸು ಎತ್ತಿಸುವ ಟೋಸ್ಟ್ ಹೇಳಲು ಮೈಕು ಹಿಡಿದವರು ‘ಹೆಚ್ಚು ಮಾತನಾಡುವುದಿಲ್ಲ’ ಎಂದರೆ ಹಿಂದಿನ ಸಾಲಿನವರು ಕುರ್ಚಿಯನ್ನು ಸರಿಮಾಡಿಕೊಂಡು ಕುಳಿತುಕೊಳ್ಳುತ್ತಾರೆ. ಅದರ ಅರ್ಥ ಅವರಿಗೆ ಗೊತ್ತು. ವಧುವಿನ ಸೋದರಮಾವನಿಗೋ ವರನ ದೊಡ್ಡಪ್ಪನಿಗೋ ಕಾರ್ಯಕ್ರಮ ನಿರೂಪಿಸುವ ಎಂ.ಸಿ. ಕೊಟ್ಟ ಸಮಯ ಮೂರು ನಿಮಿಷ. ಅವರ ಕೈಯಲ್ಲಿರುವುದು ನಾಲ್ಕು ಪುಟ. ಆಗ ಹೆಚ್ಚಿನವರು ಮಾಡುವುದು ಒಂದೇ ತಪ್ಪು: ಏನನ್ನೂ ಬಿಡದೆ ಬೇಗಬೇಗ ಓದುವುದು. ಪ್ರತಿಧ್ವನಿಸುವ ಸಭಾಂಗಣದಲ್ಲಿ ಹಾಗೆ ಓದಿದರೆ ಒಂದು ವಾಕ್ಯದ ಬಾಲ ಮುಂದಿನ ವಾಕ್ಯದ ತಲೆಗೆ ಬಡಿದು, ಕೇಳುವವರಿಗೆ ಎರಡೂ ದಕ್ಕುವುದಿಲ್ಲ.

ಮೊದಲು ಲೆಕ್ಕ. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು, ಎದ್ದು ನಿಂತು, ದೊಡ್ಡ ದನಿಯಲ್ಲಿ ಒಂದು ನಿಮಿಷ ಓದಿ. ಎಷ್ಟು ಪದಗಳಾದವು ಎಂದು ಎಣಿಸಿ. ಇಂಗ್ಲಿಷ್ ಭಾಷಣಕ್ಕೆ ಹೇಳುವ ನಿಮಿಷಕ್ಕೆ 130 ಪದಗಳ ಲೆಕ್ಕ ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಪದಗಳು ವಿಭಕ್ತಿ, ಪ್ರತ್ಯಯಗಳನ್ನೆಲ್ಲ ಹೊತ್ತುಕೊಂಡು ಉದ್ದವಾಗಿರುತ್ತವೆ. ವೇದಿಕೆಯ ಮೇಲೆ ನೆಮ್ಮದಿಯಾಗಿ ಮಾತನಾಡುವವರಿಗೆ 85ರ ಆಸುಪಾಸು ಸಿಕ್ಕಿದರೆ ಚೆನ್ನಾಗಿಯೇ ಇದೆ. ನಗು, ಉಸಿರು, ಗ್ಲಾಸು ಎತ್ತುವುದು ಇವಕ್ಕೆಲ್ಲ ಮೂವತ್ತೈದು ಸೆಕೆಂಡು ತೆಗೆದಿಟ್ಟರೆ ಮಾತಿಗೆ ಉಳಿಯುವುದು ಎರಡು ನಿಮಿಷ ಇಪ್ಪತ್ತೈದು ಸೆಕೆಂಡು, ಅಂದರೆ ಸುಮಾರು 200 ಪದ.

ಇನ್ನು ಕತ್ತರಿಸುವ ಕೆಲಸ. ಕೆಡುವುದು ಇಲ್ಲಿಯೇ. ವಧುವಿನ ಸೋದರಮಾವ ಬರೆದ 640 ಪದಗಳ ಒಂದು ಭಾಷಣ ಇದೆ ಎಂದುಕೊಳ್ಳೋಣ. ವರ ಹಾಸನದವನಾದ್ದರಿಂದ ಭಾಷಣ ಕನ್ನಡದಲ್ಲಿದೆ. ಸ್ವಾಗತ ಮತ್ತು ಗಣ್ಯರ ಹೆಸರುಗಳಿಗೆ 110 ಪದ, ಮನೆತನದ ಇತಿಹಾಸಕ್ಕೆ 150, ಹುಡುಗಿಯ ಬಾಲ್ಯದ ಮೂರು ಪ್ರಸಂಗಗಳಿಗೆ 210, ವರನ ಹೊಗಳಿಕೆಗೆ 70, ದಾಂಪತ್ಯದ ಉಪದೇಶಕ್ಕೆ 80, ಕೊನೆಯ ಟೋಸ್ಟಿಗೆ 20. ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಚಿವುಟಿದರೆ ಭಾಷಣ ಸೊರಗುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ. ಇಡೀ ಭಾಗಗಳನ್ನೇ ತೆಗೆಯಬೇಕು. ಗಣ್ಯರ ಹೆಸರುಗಳನ್ನು ಎಂ.ಸಿ. ಈಗಾಗಲೇ ಹೇಳಿರುತ್ತಾರೆ, ಹೋಗಲಿ. ಮನೆತನದ ಇತಿಹಾಸ ನಿಮ್ಮ ಕಡೆಯವರಿಗೆ ಗೊತ್ತು, ಆ ಕಡೆಯವರಿಗೆ ಬೇಡ, ಹೋಗಲಿ. ಉಪದೇಶವನ್ನು ಪಾದ್ರಿಗಳು ಬೆಳಿಗ್ಗೆ ಚರ್ಚಿನಲ್ಲಿ ಕೊಟ್ಟಾಗಿದೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಗಂಡ-ಹೆಂಡತಿ ನಗೆಹನಿ ಇದ್ದರೆ ಅದನ್ನು ಯಾವ ವಿಚಾರಣೆಯೂ ಇಲ್ಲದೆ ಹೊಡೆದುಹಾಕಿ. ಸಭೆಯಲ್ಲಿರುವ ಎಲ್ಲರಿಗೂ ಅದು ನಿಮಗಿಂತ ಮೊದಲೇ ಬಂದಿರುತ್ತದೆ.

ಮೂರು ಪ್ರಸಂಗಗಳಲ್ಲಿ ಒಂದನ್ನೇ ಉಳಿಸಬೇಕು. ಯಾವುದನ್ನು? ತುಂಬ ನಗಿಸುವುದನ್ನಲ್ಲ, ವರನ ಕಡೆಗೆ ತಿರುಗಿಸಬಹುದಾದದ್ದನ್ನು. ಶಾಲೆಯ ನಾಟಕದಲ್ಲಿ ಮಾತು ಮರೆತದ್ದು, ಮೊದಲ ಸಂಬಳದಲ್ಲಿ ಸೀರೆ ತಂದದ್ದು ಎರಡೂ ಚೆಂದವೇ ಇರಬಹುದು. ಆದರೆ ಅವು ಹುಡುಗಿಯಲ್ಲಿಯೇ ಮುಗಿದುಹೋಗುತ್ತವೆ. ಉಳಿಯುವುದು ಬಸ್ಸಿನ ಪ್ರಸಂಗ. ಮಾವ ಬರೆದದ್ದು ಹೀಗಿತ್ತು:

‘ಅದು 2008 ಇರಬೇಕು, ಅಲ್ಲ, 2009. ಆಗ ನಾವು ಬಿಜೈಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿ, ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿ, ನಾನು ರಜೆ ಹಾಕಿ, ಇವಳನ್ನೂ ಕರೆದುಕೊಂಡು ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣಕ್ಕೆ ಬಂದು, ಕಿನ್ನಿಗೋಳಿ ಬಸ್ಸಿಗೆ ಕಾಯುತ್ತಿದ್ದಾಗ...’

ಪ್ರತಿ ವಿವರಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ತೆಗೆದರೆ ಕೊನೆಯ ಮಾತು ಕೆಡುತ್ತದೆಯೇ? ಇಸವಿ, ಬಿಜೈ, ರಜೆ, ಡಾಕ್ಟರು ಯಾವುದೂ ಬೇಕಿಲ್ಲ. ಶಸ್ತ್ರಚಿಕಿತ್ಸೆಯಾದ ಕಣ್ಣಿನ ಪಟ್ಟಿ ಬೇಕು. ಅದಿಲ್ಲದಿದ್ದರೆ ಅಜ್ಜಿ ಹತ್ತಲು ತಡವಾದದ್ದೇಕೆ ಎಂದು ತಿಳಿಯುವುದಿಲ್ಲ. ಎರಡನೆಯದಾಗಿ, ‘ಆಗಿ, ಹೇಳಿ, ಹಾಕಿ, ಬಂದು’ ಎನ್ನುವ ಸರಪಳಿಯನ್ನು ಮುರಿಯಿರಿ. ಕಾಗದದ ಮೇಲೆ ಅದು ಸಲೀಸು, ಮೈಕಿನ ಮುಂದೆ ಉಸಿರು ಕಟ್ಟಿಸುತ್ತದೆ. ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಯಾರೆಂದೇ ಮರೆತಿರುತ್ತದೆ. ತಿದ್ದಿದ್ದು ಹೀಗೆ:

‘ಇವಳಿಗೆ ಆಗ ಹತ್ತು ವರ್ಷ. ಅಜ್ಜಿಯ ಒಂದು ಕಣ್ಣಿಗೆ ಪಟ್ಟಿ. ಸ್ಟೇಟ್ ಬ್ಯಾಂಕಿನಲ್ಲಿ ಕಿನ್ನಿಗೋಳಿ ಬಸ್ಸು ಹೊರಡುವ ಹೊತ್ತು. ಅಜ್ಜಿ ಇನ್ನೂ ಕೆಳಗೇ ಇದ್ದಾರೆ. ಕಂಡಕ್ಟರ್ “ರೈಟ್ ಪೋಯಿ” ಎಂದ. ಇವಳು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತಳು. ಕಂಡಕ್ಟರನಿಗೆ ಹೇಳಿದಳು: “ಮೊದಲು ಅಜ್ಜಿ ಹತ್ತಲಿ. ಆಮೇಲೆ ಬೇಕಾದರೆ ನೀವು ಹತ್ತಿ.”’

ಎಂದಳು, ಎಂದು ಹೇಳಿದಳು ಎಂಬುದನ್ನು ಮಾತಿನ ಮುಂದಕ್ಕೆ ತಂದದ್ದನ್ನು ಗಮನಿಸಿ. ಕನ್ನಡದಲ್ಲಿ ಅದು ಸಹಜವಾಗಿ ಕೊನೆಯಲ್ಲಿ ಬರುತ್ತದೆ, ಆದರೆ ನಗು ಏಳುವ ಜಾಗದಲ್ಲಿ ಅಡ್ಡ ನಿಲ್ಲುತ್ತದೆ. ‘ಹೇಗಿದೆ ನೋಡಿ ಹಠ!’ ಎಂಬಂತಹ ವಿವರಣೆಯನ್ನೂ ಅಂಟಿಸಬೇಡಿ. ನಗು ಇಳಿಯುತ್ತಿದ್ದಂತೆ ನೇರ ವರನ ಕಡೆಗೆ ತಿರುಗಿ: ‘ಇವಳು ಯಾರನ್ನೂ ಬಿಟ್ಟು ಬಸ್ಸು ಹತ್ತುವವಳಲ್ಲ. ಇವತ್ತಿನಿಂದ ನೀವೂ ಆ ಲೆಕ್ಕದಲ್ಲಿ ಸೇರಿದ್ದೀರಿ.’ ವರನ ಪದವಿ, ಕಂಪನಿ, ಹುದ್ದೆಗಳ ಪಟ್ಟಿಯ ಬದಲು ನೀವೇ ಕಣ್ಣಾರೆ ಕಂಡ ಒಂದು ಗುಣ ಸಾಕು; ನಿಶ್ಚಿತಾರ್ಥದ ದಿನ ಅಜ್ಜಿಯ ಪಕ್ಕದಲ್ಲಿ ಕುಳಿತು ಅವರ ಕಥೆಯನ್ನೆಲ್ಲ ಕೇಳಿದ್ದ ಎಂದರೆ ಅದೇ ಬಸ್ಸಿನ ಪ್ರಸಂಗಕ್ಕೂ ಹೊಂದುತ್ತದೆ. ಈಗ ಲೆಕ್ಕ, ಹೆಚ್ಚೆಂದರೆ ಇಷ್ಟು: ನಮಸ್ಕಾರ 15, ಬಸ್ಸು 80, ವರ 60, ಹಾರೈಕೆ 25, ಟೋಸ್ಟ್ 20. ಒಟ್ಟು 200.

ಮಾತಿನ ಓಟದ ವಿಚಾರ ಚಿಕ್ಕದು. ಹಾಳೆಯಲ್ಲಿ ಉಸಿರಿಗೆ ಒಂದು ಅಡ್ಡಗೆರೆ, ನಗುವಿಗೆ ಎರಡು ಗೆರೆ ಹಾಕಿಕೊಳ್ಳಿ. ನಗುವಿಗೆ ಕಾಯುವ ಜಾಗ ಇಡೀ ಭಾಷಣದಲ್ಲಿ ಎರಡಕ್ಕಿಂತ ಹೆಚ್ಚು ಬೇಡ. ನಗು ಅರ್ಧ ಇಳಿದಾಗ ಮುಂದಿನ ವಾಕ್ಯ ಶುರುಮಾಡಿ. ಪೂರ್ತಿ ನಿಂತ ಮೇಲೆ ಶುರುಮಾಡಿದರೆ ಸಭೆ ತನ್ನ ಮಾತಿಗೆ ತಾನು ಹೊರಟಿರುತ್ತದೆ.

ಸಮಯ ನೋಡುವಾಗ ಕುಳಿತುಕೊಂಡು ಮನಸ್ಸಿನಲ್ಲಿ ಓದಬೇಡಿ, ಅದು ಯಾವಾಗಲೂ ಕಡಿಮೆ ತೋರಿಸುತ್ತದೆ. ಮೈಕು ಕೈಗೆ ಬಂದಲ್ಲಿಂದ ಗ್ಲಾಸು ಎತ್ತುವವರೆಗೆ ಅಳೆಯಿರಿ. ಮೂರು ಸಲ ಅಳೆದು, ಅತಿ ನಿಧಾನವಾದದ್ದನ್ನೇ ಹಿಡಿಯಿರಿ. ಮೂರು ನಿಮಿಷ ಹದಿನೈದು ಸೆಕೆಂಡು ಬಂದರೆ ಇಪ್ಪತ್ತು ಪದ ಹೆಚ್ಚಿದೆ ಎಂದರ್ಥ. ಬೇಗ ಓದಿ ಸರಿಪಡಿಸಲು ಹೋಗಬೇಡಿ. ದೊಡ್ಡ ಅಕ್ಷರದಲ್ಲಿ ಒಂದೇ ಹಾಳೆಗೆ ಮುದ್ರಿಸಿ. ಮೊಬೈಲ್ ನೋಡಿ ಓದುವವರ ಪರದೆ ಸರಿಯಾಗಿ ನಗುವಿನ ಹೊತ್ತಿಗೇ ಆರಿಹೋಗುತ್ತದೆ, ಇಲ್ಲವೇ ಕೇಟರಿಂಗ್‌ನವರ ಕರೆ ಬರುತ್ತದೆ.

ಟೋಸ್ಟಿನ ಸಾಲನ್ನು ಮಾತ್ರ ಬಾಯಿಪಾಠ ಮಾಡಿ. ಅದರಲ್ಲಿ ಮೂರು ಸೂಚನೆಗಳಿರಬೇಕು: ಏಳಿ, ಗ್ಲಾಸು ಎತ್ತಿ, ವಧೂವರರ ಹೆಸರು. ಎಲ್ಲರ ಕೈಗೂ ವೈನ್ ಬಂದಿದೆಯೇ ಎಂದು ಮಾತು ಶುರುಮಾಡುವ ಮೊದಲೇ ಎಂ.ಸಿ.ಯನ್ನು ಕೇಳಿ. ಬಂದಿಲ್ಲದಿದ್ದರೆ ನಿಮ್ಮ ಮೂರು ನಿಮಿಷ ಏಳಾಗುವುದು ಬಡಿಸುವವರ ಕೈಯಲ್ಲಿದೆ.

ಕಾರ್ಯಕ್ರಮ ತಡವಾಗಿ ‘ಒಂದೇ ನಿಮಿಷ ಅಂಕಲ್’ ಎಂದು ಯಾರಾದರೂ ಪಿಸುಗುಟ್ಟಿದರೆ ಏನು ಬಿಡಬೇಕೆಂದು ಹಾಳೆಯಲ್ಲಿ ಮೊದಲೇ ಚೌಕ ಹಾಕಿಡಿ. ಬಸ್ಸಿನ ಕಥೆಗೆ ಚೌಕ ಹಾಕಿ, ಹಾರೈಕೆಗೂ ಹಾಕಿ. ವರನ ಗುಣದ ಎರಡು ವಾಕ್ಯಗಳಿಗೆ ಮಾತ್ರ ಹಾಕಬೇಡಿ. ಹಾಸನದ ಬೀಗರು ಊಟದ ರುಚಿ ಮರೆತರೂ ಅದನ್ನು ಮರೆಯುವುದಿಲ್ಲ.