ಸುಳ್ಳು ಚೀಟಿಯ ಬಾಟಲಿ: ಗಂಧಕ ಕರಗಿಸಿದ ನನ್ನ ಅನುಭವ

ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿ ಒಂದು ಪುಟ್ಟ ಬಾಟಲಿ ಇತ್ತು. ಒಳಗೆ ಹಳದಿ ಸೂಜಿಗಳು, ಹೊರಗೆ ನನ್ನದೇ ಕೈಬರಹದ ಚೀಟಿ: ‘ಮಾನೋಕ್ಲಿನಿಕ್ ಗಂಧಕ’. ತೀರ್ಥಹಳ್ಳಿಯ ಸಮೀಪದ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ನಾನು, ಏಳು ವರ್ಷ ಅದನ್ನೇ ತೋರಿಸಿ ಗಂಧಕದ ಬಹುರೂಪತೆಯ, ಅಂದರೆ ಒಂದೇ ಧಾತು ಬೇರೆ ಬೇರೆ ರೂಪಗಳಲ್ಲಿ ಇರುವುದರ, ಪಾಠ ಮುಗಿಸುತ್ತಿದ್ದೆ. ಒಂದು ಮಳೆಗಾಲದಲ್ಲಿ ಹಿಂದಿನ ಸಾಲಿನ ಹುಡುಗಿಯೊಬ್ಬಳು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಸರ್, ಈ ಸೂಜಿಗಳ ಮೂಲಕ ಬೆಳಕು ಹಾಯುತ್ತದೆ ಎಂದು ನೀವೇ ಬರೆಸಿದ್ದೀರಿ. ಇವು ಸೀಮೆಸುಣ್ಣದ ಚೂರುಗಳ ಹಾಗಿವೆಯಲ್ಲ?” ಎಂದಳು. ಹಳೆಯದಾಗಿ ಧೂಳು ಹಿಡಿದಿದೆ ಎಂದು ಹೇಳಿ ತಪ್ಪಿಸಿಕೊಂಡೆ. ಆ ಉತ್ತರ ನನಗೇ ರುಚಿಸಲಿಲ್ಲ. ಮುಂದಿನ ಶನಿವಾರ ಮಧ್ಯಾಹ್ನ ಮೊದಲಿನಿಂದ ಮಾಡಿ ನೋಡೋಣವೆಂದು ಕುಳಿತೆ.

ಮೊದಲ ಎಡವಟ್ಟು ಗಂಧಕದ್ದೇ. ಶೀಶೆಯಲ್ಲಿದ್ದದ್ದು ಮುಗಿದಿತ್ತೆಂದು ಗೊಬ್ಬರದ ಅಂಗಡಿಯಿಂದ ಪೊಟ್ಟಣ ತರಿಸಿದೆ. ಅದು ನೀರಿಗೆ ಕದಡಿ ಗಿಡಕ್ಕೆ ಸಿಂಪಡಿಸುವ ಗಂಧಕ. ಪೊಟ್ಟಣದ ಮೇಲೆ ಶೇಕಡ 80 ಎಂದೇ ಬರೆದಿರುತ್ತದೆ. ಉಳಿದ ಪಾಲು, ಪುಡಿ ನೀರಿನಲ್ಲಿ ಹರಡಿಕೊಳ್ಳಲೆಂದು ಬೆರೆಸಿದ ಬೇರೆ ವಸ್ತು. ಬಿಸಿಯಾದೊಡನೆ ನೊರೆಯೆದ್ದು ಕಪ್ಪಾಯಿತು. ಈ ಕೆಲಸಕ್ಕೆ ಪ್ರಯೋಗಾಲಯಕ್ಕೆಂದೇ ಮಾರುವ ಶುದ್ಧ ಗಂಧಕದ ಗಟ್ಟಿಗಳೇ ಬೇಕು. ಒರಳಿನಲ್ಲಿ ಒರಟಾಗಿ ಕುಟ್ಟಿಕೊಂಡರೆ ಸಾಕು.

ಪ್ರನಾಳದ ಮೂರನೇ ಒಂದು ಭಾಗದಷ್ಟು ತುಂಬಿ ಸ್ಪಿರಿಟ್ ದೀಪದ ಸಣ್ಣ ಉರಿಯಲ್ಲಿ ಆಡಿಸುತ್ತ ಕಾಯಿಸಬೇಕು. ಗಂಧಕದ ಮೂಲಕ ಶಾಖ ಬಲು ನಿಧಾನವಾಗಿ ಹರಿಯುತ್ತದೆ. ಒಂದೇ ಕಡೆ ಉರಿ ಹಿಡಿದರೆ ತಳ ಕಂದು ಬಣ್ಣಕ್ಕೆ ತಿರುಗಿದರೂ ಮೇಲಿನ ಪುಡಿ ಪುಡಿಯಾಗಿಯೇ ಉಳಿದಿರುತ್ತದೆ. 120 ಡಿಗ್ರಿಯ ಆಸುಪಾಸಿನಲ್ಲಿ ಎಲ್ಲವೂ ತಿಳಿಹಳದಿ ದ್ರವವಾಗಿ, ನೀರಿನಂತೆ ಓಡಾಡತೊಡಗುತ್ತದೆ. ಅಲ್ಲಿಗೆ ನಿಲ್ಲಿಸಿ, ಫಿಲ್ಟರ್ ಪೇಪರಿನ ಶಂಕುವಿಗೆ ಸುರಿದೆ. ಮೇಲೆ ಹಾಲಿನ ಕೆನೆಯಂತೆ ಪದರ ಕಟ್ಟುವ ತನಕ ಕಾದು, ಕಡ್ಡಿಯಿಂದ ಅದನ್ನು ಒಡೆದು, ಒಳಗೆ ಉಳಿದ ದ್ರವವನ್ನು ಚೆಲ್ಲಿ, ಕಾಗದವನ್ನು ಬಿಡಿಸಿದೆ. ಅಂಚಿನಿಂದ ನಡುವಿಗೆ ಚಾಚಿಕೊಂಡ ನೂರಾರು ಸೂಜಿಗಳು. ತೆಳ್ಳಗೆ, ಹೊಳೆಹೊಳೆಯುತ್ತ, ಆಚೆಯ ಬೆಳಕು ಈಚೆಗೆ ಕಾಣುವಷ್ಟು ತಿಳಿಯಾಗಿದ್ದವು. ಇದು ನಿಜವಾದ ಮಾನೋಕ್ಲಿನಿಕ್ ಗಂಧಕ.

ಸೋಮವಾರ ಬಂದು ನೋಡಿದರೆ ಕಪಾಟಿನ ಹಳೆಯ ಬಾಟಲಿಯ ಕಳೆಯೇ ಇವಕ್ಕೂ ಬಂದಿತ್ತು. ಆಕಾರ ಸೂಜಿಯದೇ, ಹೊಳಪು ಮಾತ್ರ ಹೋಗಿತ್ತು. ಬೆರಳಿನಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು.

ಕಾರಣ ಪುಸ್ತಕದಲ್ಲಿಯೇ ಇತ್ತು, ನಾನು ಅದನ್ನು ಸಂಖ್ಯೆಯಾಗಿ ಮಾತ್ರ ಓದಿದ್ದೆ: 95.5 ಡಿಗ್ರಿ. ಅದಕ್ಕಿಂತ ಮೇಲೆ, ಕರಗುವವರೆಗೂ, ಮಾನೋಕ್ಲಿನಿಕ್ ರೂಪಕ್ಕೆ ನೆಲೆ. ಕೆಳಗೆ ಗಂಧಕದ ಇನ್ನೊಂದು ಹರಳು ರೂಪವಾದ ರಾಂಬಿಕ್ಕಿಗೆ. ಎರಡರಲ್ಲೂ ಇರುವುದು ಎಂಟು ಪರಮಾಣುಗಳು ಕೈಕೈ ಹಿಡಿದು ಕುಳಿತ ಅದೇ ಬಳೆ. ಮಕ್ಕಳಿಗೆ ನಾನು ಕೋಡುಬಳೆಯ ಡಬ್ಬಿಯನ್ನು ನೆನಪಿಸುತ್ತೇನೆ. ಡಬ್ಬಿಗೆ ಸುಮ್ಮನೆ ಸುರಿದ ಕೋಡುಬಳೆ ಹೆಚ್ಚು ಜಾಗ ಹಿಡಿಯುತ್ತದೆ, ಜೋಡಿಸಿಟ್ಟರೆ ಅದೇ ಡಬ್ಬಿಯಲ್ಲಿ ಇನ್ನೂ ನಾಲ್ಕು ಹಿಡಿಯುತ್ತವೆ. ಕೋಡುಬಳೆ ಬದಲಾಗಿಲ್ಲ, ಜೋಡಣೆ ಬದಲಾಗಿದೆ. (ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಮಾನೋಕ್ಲಿನಿಕ್ ಹರಳಿನಲ್ಲಿಯೂ ಬಳೆಗಳು ಕ್ರಮವಾಗಿಯೇ ಇರುತ್ತವೆ, ಕೊಂಚ ಸಡಿಲವಾಗಿ, ಅಷ್ಟೇ.) ಅದರ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.96 ಗ್ರಾಂ, ರಾಂಬಿಕ್ಕಿನದು 2.07. ಸೂಜಿ ತಣ್ಣಗಾದ ಮೇಲೆ ಒಳಗಿನ ಬಳೆಗಳು ಒತ್ತೊತ್ತಾಗಿ ಮರುಜೋಡಣೆಯಾಗುತ್ತವೆ. ಆದರೆ ಸೂಜಿಯೆಲ್ಲ ಸೇರಿ ಒಂದೇ ಹರಳಾಗುವುದಿಲ್ಲ, ಅಲ್ಲಲ್ಲಿ ಸಾವಿರಾರು ಪುಟ್ಟ ರಾಂಬಿಕ್ ಹರಳುಗಳು ಹುಟ್ಟಿಕೊಳ್ಳುತ್ತವೆ. ನಡುವೆ ಬಿರುಕು ಬೀಳುತ್ತದೆ, ಬಿರುಕುಗಳಲ್ಲಿ ಬೆಳಕು ಚೆದುರುತ್ತದೆ, ಸೂಜಿ ಮಂಕಾಗುತ್ತದೆ. ಹೊರಗಿನ ಆಕಾರ ಮಾತ್ರ ಮಾನೋಕ್ಲಿನಿಕ್ಕಿನದು, ಒಳಗಿನ ಹೂರಣ ರಾಂಬಿಕ್.

ಹಾಗಿದ್ದರೆ 95.5ರ ಮೇಲೆ ಇಟ್ಟರೆ ಸೂಜಿ ತಿಳಿಯಾಗಿಯೇ ಉಳಿಯಬೇಕಲ್ಲ? ಮತ್ತೊಮ್ಮೆ ಸೂಜಿ ಮಾಡಿ, ಬಿಸಿ ಆರುವ ಮೊದಲೇ ಅರ್ಧವನ್ನು ಒಣ ಪ್ರನಾಳಕ್ಕೆ ಹಾಕಿ ಬಿರಡೆ ಒತ್ತಿ, ಕುದಿಯುವ ನೀರಿನಲ್ಲಿ ಕತ್ತಿನವರೆಗೆ ಮುಳುಗಿಸಿದೆ. ಉಳಿದರ್ಧ ಮೇಜಿನ ಮೇಲೆ. ಅಟೆಂಡರ್ ಬೈದುಕೊಳ್ಳುತ್ತಲೇ ಮೂರು ಗಂಟೆ ನೀರು ಹೊಯ್ಯುತ್ತ ಕುದಿಸಿದರು. ಮುಳುಗಿದ ಸೂಜಿಗಳು ಆಗಲೂ ಗಾಜಿನಂತೆ ತಿಳಿಯಾಗಿದ್ದವು. ಮೇಜಿನ ಮೇಲಿನವುಗಳಲ್ಲಿ ಆ ಹೊತ್ತಿಗೆ ಅಲ್ಲಲ್ಲಿ ಮಂಕು ಕಲೆಗಳೆದ್ದಿದ್ದವು.

ಇಲ್ಲಿ ನಮ್ಮ ಮಲೆನಾಡಿನದೊಂದು ತಮಾಷೆಯಿದೆ. ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದು 100ರಲ್ಲಲ್ಲ, 98ರ ಆಸುಪಾಸಿನಲ್ಲಿ. ಗಡಿಗಿಂತ ಎರಡೂವರೆ ಡಿಗ್ರಿ ಮೇಲಿದ್ದುದರಿಂದ ನನ್ನ ಪ್ರಯೋಗ ಬದುಕಿತು. 1,343 ಮೀಟರ್ ಎತ್ತರದ ಕೊಡಚಾದ್ರಿಯ ತುದಿಯಲ್ಲಿ ಲೆಕ್ಕ ಹಾಕಿದರೆ ಕುದಿಬಿಂದು ಹೆಚ್ಚುಕಡಿಮೆ 95.5ಕ್ಕೇ ಬಂದು ನಿಲ್ಲುತ್ತದೆ. ಅಲ್ಲಿ ಒಲೆ ಹೂಡಿದರೆ ಸೂಜಿ ಯಾವ ರೂಪಕ್ಕೆ ವಾಲಬೇಕೆಂದು ತಾನೇ ಗೊಂದಲಕ್ಕೆ ಬೀಳಬೇಕು. ಬೆಟ್ಟಕ್ಕೆ ಗಂಧಕ ಹೊತ್ತುಕೊಂಡು ಹೋಗುವ ಧೈರ್ಯ ಮಾತ್ರ ನನಗೆ ಬಂದಿಲ್ಲ.

ಮುಂದಿನ ವಾರ ಇನ್ನೂ ಕಾಯಿಸಿದೆವು. ಆಲೆಮನೆಯಲ್ಲಿ ಬೆಲ್ಲದ ಪಾಕ ಕುದಿಯುತ್ತ ಗಟ್ಟಿಯಾಗುವುದನ್ನು ನಮ್ಮ ಮಕ್ಕಳೆಲ್ಲ ನೋಡಿದ್ದಾರೆ. ಅಲ್ಲಿ ನೀರು ಆವಿಯಾಗಿ ಹೋಗುತ್ತದೆ, ಆದ್ದರಿಂದ ಗಟ್ಟಿ. ಗಂಧಕದಿಂದ ಹೋಗುವಂಥದ್ದು ಏನೂ ಇಲ್ಲ, ಆದರೂ 160 ಡಿಗ್ರಿ ಮುಟ್ಟುತ್ತಿದ್ದಂತೆ ಕೆಂಪಡರಿ ಮಂದವಾಗತೊಡಗುತ್ತದೆ. 190ರ ಹತ್ತಿರ ಪ್ರನಾಳವನ್ನು ತಲೆಕೆಳಗು ಹಿಡಿದೆ. ಬೀಳಲಿಲ್ಲ. ಕಾಯಿಸಿದಷ್ಟೂ ತೆಳ್ಳಗಾಗಬೇಕಾದ ದ್ರವ ಹೀಗೆ ಹಟ ಹಿಡಿಯುವುದು, ಈ ಶಾಖಕ್ಕೆ ಬಳೆಗಳೇ ಬಿಚ್ಚಿಕೊಳ್ಳುವುದರಿಂದ. ಬಿಚ್ಚಿದ ಬಳೆಯ ಎರಡು ತುದಿಗಳೂ ಪಕ್ಕದ ಬಳೆಗಳನ್ನು ಹಿಡಿದು, ಲಕ್ಷಗಟ್ಟಲೆ ಪರಮಾಣುಗಳ ಸರಪಣಿಗಳು ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಇನ್ನೂ ಕಾಯಿಸಿದರೆ ಸರಪಣಿಗಳೇ ತುಂಡಾಗಿ ದ್ರವ ಮತ್ತೆ ತೆಳುವಾಗುತ್ತದೆ. ಆ ಹದದಲ್ಲಿ ತಣ್ಣೀರಿಗೆ ಸಣ್ಣ ಧಾರೆಯಾಗಿ ಸುರಿದರೆ, ಸರಪಣಿಗಳು ಬಳೆಯಾಗಲು ಪುರಸೊತ್ತಿಲ್ಲದೆ ಹಾಗೆಯೇ ಹೆಪ್ಪುಗಟ್ಟುತ್ತವೆ. ನೀರಿನಿಂದ ತೆಗೆದ ಕಂದುಬಣ್ಣದ ಎಳೆಯನ್ನು ಎಳೆದರೆ ರಬ್ಬರಿನಂತೆ ಹಿಗ್ಗಿ ಹಿಂದಕ್ಕೆ ಬರುತ್ತದೆ.

ಈ ಹಂತದಲ್ಲಿಯೇ ನನ್ನ ಕೈ ತಪ್ಪಿದ್ದು. ಪ್ರನಾಳದ ಬಾಯಿಯನ್ನು ಉರಿಯ ತೀರ ಹತ್ತಿರ ತಂದೆ, ಆವಿ ಭಗ್ಗೆಂದು ಹೊತ್ತಿಕೊಂಡಿತು. ನೀಲಿ ಜ್ವಾಲೆ ಹಗಲಿನಲ್ಲಿ ಸರಿಯಾಗಿ ಕಾಣುವುದೂ ಇಲ್ಲ, ಮೊದಲು ತಿಳಿಯುವುದು ಮೂಗಿಗೆ. ಹೊರಗೆ ಆಷಾಢದ ಮಳೆ ಹೊಡೆಯುತ್ತಿದ್ದುದರಿಂದ ಕಿಟಕಿಗಳನ್ನೆಲ್ಲ ಮುಚ್ಚಿದ್ದೆ. ಗಂಧಕದ ಡೈಆಕ್ಸೈಡ್ ಹತ್ತೇ ಉಸಿರಿನಲ್ಲಿ ಇಡೀ ತರಗತಿಯನ್ನು ಕೆಮ್ಮಿಸಿತು. ಈಗ ಈ ಭಾಗವನ್ನು ಜಗಲಿಯಲ್ಲಿ ನಾನೊಬ್ಬನೇ ಮಾಡುತ್ತೇನೆ. ಬಾಯಿ ಮುಚ್ಚಲು ಹೆಂಚಿನ ಚೂರೊಂದು ಪಕ್ಕದಲ್ಲಿರುತ್ತದೆ, ಉಬ್ಬಸವಿರುವ ಮಕ್ಕಳು ಒಳಗೇ ಇರುತ್ತಾರೆ.

ಹಿಗ್ಗುವ ಆ ಎಳೆಯೂ ಶಾಶ್ವತವಲ್ಲ. ದಿನಗಳು ಕಳೆದಂತೆ ಹಳದಿಯಾಗಿ, ಗಡುಸಾಗಿ, ಬಗ್ಗಿಸಿದರೆ ಪಟಕ್ಕೆಂದು ಮುರಿಯುತ್ತದೆ. ಗಂಧಕದ ಎರಡು ಪರಮಾಣುಗಳ ನಡುವಿನ ಹಿಡಿತ ತೀರ ಬಿಗಿಯಾದದ್ದಲ್ಲ, ಬಿಟ್ಟು ಮತ್ತೆ ಹಿಡಿದು ಬಳೆಗೆ ಮರಳುತ್ತವೆ. ಅಂತೂ ಯಾವ ವೇಷ ಹಾಕಿದರೂ ಗಂಧಕ ಕೊನೆಗೆ ರಾಂಬಿಕ್ಕಿಗೇ ಬಂದು ಕೂರುತ್ತದೆ.

“ರಂಜಕವೂ ಹೀಗೆಯೇ ಹಿಂದಕ್ಕೆ ಬರುತ್ತದೆಯೇ ಸರ್? ಬೆಂಕಿಪೊಟ್ಟಣದ ಪಕ್ಕದಲ್ಲಿರುವ ಕೆಂಪು ರಂಜಕ ಬಿಳಿಯಾಗಿಬಿಟ್ಟರೆ?” ಎಂದು ಅದೇ ಹುಡುಗಿ ಕೇಳಿದಳು. ಬರುವುದಿಲ್ಲ. ಇಲ್ಲಿ ಗಡಿಯ ಉಷ್ಣತೆ ಎಂಬುದೇ ಇಲ್ಲ. ಗಂಧಕದ ಪರಮಾಣುವಿಗೆ ಎರಡು ಕೈಗಳಾದರೆ ರಂಜಕಕ್ಕೆ ಮೂರು. ಬಿಳಿ ರಂಜಕದಲ್ಲಿ ನಾಲ್ಕು ಪರಮಾಣುಗಳು ಮೂರು ಮೂಲೆಯ ಗೋಪುರವಾಗಿ ನಿಂತಿರುತ್ತವೆ. ಪ್ರತಿಯೊಂದರ ಕೈಗಳ ನಡುವಿನ ಕೋನ 60 ಡಿಗ್ರಿ. ರಂಜಕಕ್ಕೆ ಹಾಯೆನಿಸುವ ಕೋನ 100ರ ಆಸುಪಾಸಿನದು, ಆದ್ದರಿಂದ ಆ ಗೋಪುರ ಬಗ್ಗಿಸಿ ಕಟ್ಟಿದ ಬಿದಿರಿನಂತೆ ಸದಾ ಬಿಗುವಿನಲ್ಲಿರುತ್ತದೆ. ಗಾಳಿಯಲ್ಲಿಟ್ಟರೆ 30 ಡಿಗ್ರಿ ದಾಟಿದ ಸ್ವಲ್ಪದರಲ್ಲೇ ತಾನಾಗಿ ಹೊತ್ತಿಕೊಳ್ಳುತ್ತದೆ. ನಮ್ಮ ಏಪ್ರಿಲ್ ತಿಂಗಳೇ ಸಾಕು. ಅದಕ್ಕೇ ಅದನ್ನು ನೀರಿನೊಳಗೆ ಇಡುತ್ತಾರೆ. ಗಾಳಿ ತಾಗದಂತೆ 250 ಡಿಗ್ರಿಗಿಂತ ಮೇಲೆ ಕಾಯಿಸುತ್ತಿದ್ದರೆ ಗೋಪುರದ ಒಂದು ಕೈ ಬಿಡುತ್ತದೆ, ನೆರೆಯ ಗೋಪುರವನ್ನು ಹಿಡಿಯುತ್ತದೆ, ಹೀಗೆ ಬೆಸೆದು ಬೆಸೆದು ಕೆಂಪು ರಂಜಕವಾಗುತ್ತದೆ. ವಿಯೆನ್ನಾದ ಆಂಟನ್ ಶ್ರೋಟರ್ 1840ರ ದಶಕದಲ್ಲಿ ಇದನ್ನು ತೋರಿಸಿದ ಮೇಲೆಯೇ, ಕೆಲಸಗಾರರ ದವಡೆಯ ಮೂಳೆ ಕೊಳೆಸುತ್ತಿದ್ದ ಬಿಳಿ ರಂಜಕದ ಕಡ್ಡಿಗಳಿಗೆ ಬದಲಿ ಸಿಕ್ಕಿದ್ದು.

ಕೆಂಪಾಗುವಾಗ ಬಿಗುವು ಸಡಿಲಿ ಶಕ್ತಿ ಹೊರಬಿದ್ದಿದೆ. ಯಾವ ಉಷ್ಣತೆಯಲ್ಲಿಯೂ ಆ ಘನಕ್ಕೆ ಬಿಳಿ ರೂಪ ಹೆಚ್ಚು ಹಿತವಲ್ಲ, ಆದ್ದರಿಂದ ತಣ್ಣಗಾದರೂ ಹಿಂದಿರುಗುವುದಿಲ್ಲ. ಬಿಳಿ ಬೇಕೆಂದರೆ ಕೆಂಪನ್ನು ಆವಿಯಾಗಿಸಿ, ಆ ಆವಿಯನ್ನು ತಣಿಸಬೇಕು. ಆವಿಯಲ್ಲಿ ಮತ್ತೆ ನಾಲ್ಕು ಪರಮಾಣುಗಳ ಗೋಪುರಗಳೇ ಇರುತ್ತವೆ. ಅದನ್ನು ನಾವು ಮಾಡುವುದಿಲ್ಲ, ಬಿಳಿ ರಂಜಕವನ್ನು ಕಾಲೇಜಿಗೆ ತರಿಸುವುದೂ ಇಲ್ಲ. ಬೆಂಕಿಪೊಟ್ಟಣವನ್ನು ಮಾತ್ರ ಕೈಯಿಂದ ಕೈಗೆ ದಾಟಿಸಿದೆ: ಪಕ್ಕದ ಪಟ್ಟಿಯಲ್ಲಿ ಕೆಂಪು ರಂಜಕ, ಕಡ್ಡಿಯ ತಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟಿನ ಜೊತೆ ಕೊಂಚ ಗಂಧಕ. ಮಳೆಯ ಥಂಡಿಗೆ ಮೆತ್ತಗಾಗಿ ನಾಲ್ಕು ಕಡ್ಡಿ ಗೀರಿದರೂ ಹೊತ್ತಲಿಲ್ಲ.

ಕಪಾಟಿನ ಬಾಟಲಿಯನ್ನು ಎಸೆದಿಲ್ಲ. ಆ ಹುಡುಗಿಯ ಕೈಯಿಂದಲೇ ಹೊಸ ಚೀಟಿ ಬರೆಸಿ ಅಂಟಿಸಿದೆ: ‘ರಾಂಬಿಕ್ ಗಂಧಕ. ಹುಟ್ಟುವಾಗ ಮಾನೋಕ್ಲಿನಿಕ್.’