ವೆಣ್ ಪೊಂಗಲ್ ತಟ್ಟೆಯಲ್ಲಿ ಗಟ್ಟಿಯಾಗದಂತೆ ಮಾಡುವ ಬಗೆ

ಬಡಿಸಿದ ಹತ್ತು ನಿಮಿಷದೊಳಗೆ ಪೊಂಗಲ್ ತಟ್ಟೆಯಲ್ಲಿ ಮುದ್ದೆಗಟ್ಟಿ ಕುಳಿತರೆ, ಬಹುತೇಕ ಅಡುಗೆಮನೆಗಳಲ್ಲಿ ಅದಕ್ಕೆ ಸಿಗುವ ಚಿಕಿತ್ಸೆ ಇನ್ನೊಂದು ಚಮಚ ತುಪ್ಪ. ತುಪ್ಪದಿಂದ ಅದು ಜಿಡ್ಡಾಗುತ್ತದೆಯೇ ಹೊರತು ಮೆತ್ತಗಾಗುವುದಿಲ್ಲ. ತಮಿಳುನಾಡಿನಲ್ಲಿ ಬೆಳಗಿನ ತಿಂಡಿಗೆ ಸಾಂಬಾರು, ಕಾಯಿಚಟ್ನಿಗಳ ಜೊತೆ ಬಡಿಸುವ ವೆಣ್ ಪೊಂಗಲ್ ಸೌಟಿನಿಂದ ತಾನಾಗಿ ಜಾರುವ ಹದಕ್ಕೆ ಬರುವುದು ಧಾರಾಳವಾದ ನೀರಿನಿಂದ ಮತ್ತು ಬಿಸಿ ಆರುವ ಮೊದಲೇ ಮಸೆಯುವುದರಿಂದ. ತುಪ್ಪಕ್ಕೆ ಇಲ್ಲಿ ಪರಿಮಳದ ಕೆಲಸ, ಮೃದುಗೊಳಿಸುವ ಕೆಲಸವಲ್ಲ.

ನಮ್ಮಲ್ಲಿ ಧನುರ್ಮಾಸದಲ್ಲಿ ಮಾಡುವ ಖಾರದ ಹುಗ್ಗಿಗೆ ಅರಿಸಿನ ಮತ್ತು ಕಾಯಿತುರಿ ಬೀಳುತ್ತವೆ. ಅನೇಕ ಮನೆಗಳಲ್ಲಿ ಬೇಳೆಯೂ ಅಕ್ಕಿಯ ಸಮಕ್ಕೆ ಇರುತ್ತದೆ. ಅದರ ರುಚಿಯೇ ಬೇರೆ. ಇಲ್ಲಿ ಹೇಳುತ್ತಿರುವುದು ಅರಿಸಿನವಿಲ್ಲದ, ಕಾಯಿಯಿಲ್ಲದ ಬಿಳಿಯ ಪೊಂಗಲ್ ಕುರಿತು.

ಮೊದಲ ಹಂತ: ಅಳತೆ

ನಾಲ್ಕು ಜನರಿಗೆ 1 ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ ಸಾಕು. 2ಕ್ಕೆ 1ರ ಈ ಪ್ರಮಾಣವನ್ನು ಬದಲಿಸಬೇಡಿ ಎಂಬುದು ನನ್ನ ಖಚಿತವಾದ ಸಲಹೆ. ಬೇಳೆಯನ್ನು ಇದಕ್ಕಿಂತ ಕಡಿಮೆ ಮಾಡಿದರೆ ಮೆಣಸು ಹಾಕಿದ ಮೆತ್ತನೆಯ ಅನ್ನವಾಗುತ್ತದೆ. ಹೆಚ್ಚು ಮಾಡಿದರೆ ಬೇಳೆಯ ವಾಸನೆ ಮುಂದಾಗಿ, ಆರಿದಾಗ ಇನ್ನೂ ಬೇಗ ಗಟ್ಟಿಯಾಗುತ್ತದೆ. ಅಕ್ಕಿ ಸೋನಾ ಮಸೂರಿಯಂಥ ಬೆಳ್ತಿಗೆ ಅಕ್ಕಿಯಾಗಿರಲಿ. ಅನ್ನಕ್ಕೆ ಹಳೆಯ ಅಕ್ಕಿಯನ್ನು ಹುಡುಕುವವರು ಪೊಂಗಲ್‌ಗೆ ಹೊಸ ಅಕ್ಕಿಯನ್ನೇ ತರುವುದು ಒಳ್ಳೆಯದು, ಏಕೆಂದರೆ ಅಗುಳುಗಳು ಅಂಟಿಕೊಳ್ಳುವುದು ಇಲ್ಲಿ ದೋಷವಲ್ಲ, ಬೇಕಾದ ಗುಣ. ಬಾಸ್ಮತಿ ಅಗುಳು ಬಿಡಿಬಿಡಿಯಾಗಿಯೇ ಉಳಿಯುತ್ತದೆ. ಕುಸುಬಲಕ್ಕಿಯೂ ಇದಕ್ಕೆ ಒಗ್ಗುವುದಿಲ್ಲ. ಇನ್ನು ಅಂಗಡಿಯಲ್ಲಿ ಸಿಗುವ ಸಿದ್ಧ ಪೊಂಗಲ್ ಮಿಶ್ರಣದಲ್ಲಿ ಮೆಣಸು, ಜೀರಿಗೆಗಳು ಪೊಟ್ಟಣದಲ್ಲೇ ಘಮ ಕಳೆದುಕೊಂಡಿರುತ್ತವೆ. ಅರ್ಧ ಗಂಟೆಯ ಅಡುಗೆಗೆ ಅದರ ಅಗತ್ಯವೂ ಇಲ್ಲ.

ಎರಡನೆಯ ಹಂತ: ಬೇಳೆ ಹುರಿಯುವುದು

ಸಣ್ಣ ಉರಿಯಲ್ಲಿ, ಎಣ್ಣೆ ಹಾಕದೆ, ಪರಿಮಳ ಬರುವವರೆಗೆ ಮಾತ್ರ ಹುರಿಯಿರಿ. ಬಣ್ಣ ಕೆಂಪಗಾದರೆ ಪೊಂಗಲ್‌ನ ಬಿಳುಪು ಹೋಗುತ್ತದೆ, ಬೇಳೆಯೂ ಬೇಗ ಕರಗುವುದಿಲ್ಲ.

ಮೂರನೆಯ ಹಂತ: ಬೇಯಿಸುವುದು

ಅಕ್ಕಿ ಮತ್ತು ಬೇಳೆಯನ್ನು ಒಟ್ಟಿಗೆ ತೊಳೆದು, ಅದೇ ಲೋಟದಲ್ಲಿ 6 ಲೋಟ ನೀರು ಅಳೆದು ಹಾಕಿ. ಅಂದರೆ ಅಕ್ಕಿ ಬೇಳೆ ಸೇರಿ ಎಷ್ಟಾಯಿತೋ ಅದರ ನಾಲ್ಕರಷ್ಟು ನೀರು. ಅನ್ನಕ್ಕೆ ಎರಡರಷ್ಟು ನೀರಿಡುವ ಕೈ ಇಲ್ಲಿ ತಾನಾಗಿ ಹಿಂಜರಿಯುತ್ತದೆ. ಕೆಲಸ ಕೆಡುವುದು ಅಲ್ಲಿಯೇ. ಬೆಳ್ಳಗೆ, ದಪ್ಪಗೆ ಬರಲೆಂದು ಕೆಲವರು ಇದರಲ್ಲಿ ಅರ್ಧ ಲೋಟದಷ್ಟನ್ನು ಹಾಲಾಗಿ ಬದಲಿಸುತ್ತಾರೆ. ನನಗೆ ಅದು ಇಷ್ಟವಿಲ್ಲ, ಹಾಲಿನ ಸಿಹಿ ಮೆಣಸಿನ ಖಾರವನ್ನು ಮಂಕು ಮಾಡುತ್ತದೆ. ಒಂದು ಚಮಚ ತುಪ್ಪವನ್ನು ಈಗಲೇ ನೀರಿಗೆ ಸೇರಿಸಿದರೆ ನೊರೆ ಉಕ್ಕುವುದು ಕಡಿಮೆಯಾಗುತ್ತದೆ. ಈ ಅಳತೆಗೆ 5 ಲೀಟರಿನ ಕುಕ್ಕರ್ ಬೇಕು. ಬೇಳೆ ಮತ್ತು ಅಕ್ಕಿ ಉಬ್ಬಿ ನೊರೆಯುವುದರಿಂದ ಕುಕ್ಕರನ್ನು ಅರ್ಧಕ್ಕಿಂತ ಹೆಚ್ಚು ತುಂಬಬಾರದು. 3 ಲೀಟರಿನದರಲ್ಲಿ ಗಂಜಿಯೆಲ್ಲ ಮುಚ್ಚಳದಿಂದ ಹೊರಬರುತ್ತದೆ.

ಮೊದಲ ಕೂಗು ಬಂದ ಮೇಲೆ ಉರಿ ತಗ್ಗಿಸಿ 10ರಿಂದ 12 ನಿಮಿಷ ಬಿಡಿ. ಕೂಗುಗಳನ್ನು ಎಣಿಸುವುದಕ್ಕಿಂತ ಇದು ನಂಬಿಕೆಗೆ ಅರ್ಹ, ಏಕೆಂದರೆ ಒಂದೊಂದು ಕುಕ್ಕರ್ ಒಂದೊಂದು ವೇಗದಲ್ಲಿ ಕೂಗುತ್ತದೆ. ಆವಿಯನ್ನು ಸೌಟಿನಿಂದ ಎತ್ತಿ ಬಿಡಿಸದೆ, ಒತ್ತಡ ತಾನಾಗಿ ಇಳಿಯುವವರೆಗೆ ಕಾಯಬೇಕು. ಒಳಗಿನ ಬಿಸಿಯಲ್ಲಿ ಅಗುಳು ಬೇಯುವ ಕೊನೆಯ ಭಾಗ ಆಗ ನಡೆಯುತ್ತದೆ.

ನಾಲ್ಕನೆಯ ಹಂತ: ಮಸೆಯುವುದು

ಬಹುತೇಕರು ಎಡವುವುದು ಇಲ್ಲಿ, ಆದ್ದರಿಂದ ನಿಧಾನವಾಗಿ ಹೇಳಬೇಕಾಗಿದೆ. ಮುಚ್ಚಳ ತೆಗೆದ ಕೂಡಲೇ ಎರಡು ಬೆರಳುಗಳ ನಡುವೆ ಒಂದು ಅಗುಳನ್ನು ಒತ್ತಿ ನೋಡಿ. ನಡುವೆ ಬಿಳಿಯ ಕಾಳು ಉಳಿಯದೆ ಪೂರ್ತಿ ಚಪ್ಪಟೆಯಾದರೆ ಬೆಂದಿದೆ ಎಂದರ್ಥ. ಬಿಳಿಯ ಚುಕ್ಕೆ ಕಂಡರೆ ಎಷ್ಟು ಮಸೆದರೂ ಪ್ರಯೋಜನವಿಲ್ಲ. ಅರ್ಧ ಲೋಟ ಕುದಿಯುವ ನೀರು ಹಾಕಿ, ಮತ್ತೆ ಮುಚ್ಚಿ ಐದು ನಿಮಿಷ ಬೇಯಿಸಬೇಕು.

ಬೆಂದಿದ್ದರೆ ತಡಮಾಡದೆ ಸೌಟಿನ ಹಿಂಭಾಗದಿಂದ, ಪಾತ್ರೆಯ ಗೋಡೆಗೆ ಒತ್ತುತ್ತ, ತಳದಿಂದ ಮೇಲಕ್ಕೆ ತಿರುವುತ್ತ ಮಸೆಯಿರಿ. ಬೇಯುವಾಗ ಅಕ್ಕಿಯ ಪಿಷ್ಟ ನೀರನ್ನು ಹೀರಿ ಉಬ್ಬಿರುತ್ತದೆ. ಬಿಸಿಯಲ್ಲಿ ಮಸೆದರೆ ಅದು ಹೊರಬಂದು ನೀರಿನೊಡನೆ ಬೆರೆತು ಕೆನೆಯಂತಾಗುತ್ತದೆ, ಆರುತ್ತ ಬಂದಂತೆ ಅದೇ ಪಿಷ್ಟ ಬಿಗಿದುಕೊಳ್ಳುತ್ತದೆ. ಆದ್ದರಿಂದಲೇ ಅರ್ಧ ಗಂಟೆ ಬಿಟ್ಟು ಮಸೆಯಲು ಹೋದರೆ ಗಂಟುಗಂಟಾಗುತ್ತದೆ. ಎಲ್ಲ ಅಗುಳೂ ಮಾಯವಾಗಬೇಕಿಲ್ಲ. ಬೇಳೆ ಪೂರ್ತಿ ಕರಗಿರಲಿ, ಅಕ್ಕಿ ಅಲ್ಲಲ್ಲಿ ಬಾಯಿಗೆ ಸಿಗಲಿ. ಮಿಕ್ಸಿ ಅಥವಾ ಬ್ಲೆಂಡರ್ ಹಾಕಿದವರು ಅಂಟು ಮಾಡಿಕೊಳ್ಳುತ್ತಾರೆ, ಪೊಂಗಲ್ ಅಲ್ಲ.

ಮಸೆದ ಮೇಲೆ ಉಪ್ಪು ಬೆರೆಸಿ, 1 ಲೋಟ ಕುದಿಯುವ ನೀರನ್ನು ಎರಡು ಮೂರು ಕಂತಿನಲ್ಲಿ ಸೇರಿಸುತ್ತ, ಸಣ್ಣ ಉರಿಯಲ್ಲಿ ಎರಡು ನಿಮಿಷ ತಿರುವಿ. ತಣ್ಣೀರು ಹಾಕಿದರೆ ಅದು ಬೆರೆಯದೆ ಅಂಚಿನಲ್ಲಿ ಬೇರೆಯಾಗಿ ನಿಲ್ಲುತ್ತದೆ. ಎಷ್ಟು ನೀರು ಸಾಕು ಎಂಬುದಕ್ಕೆ ಒಂದು ಗುರುತಿದೆ: ಸೌಟಿನಿಂದ ತಟ್ಟೆಗೆ ಬಿಟ್ಟಾಗ ಗುಪ್ಪೆಯಾಗಿ ನಿಲ್ಲದೆ ನಿಧಾನವಾಗಿ ಹರಡಬೇಕು. ಒಲೆಯ ಮೇಲೆ ಸ್ವಲ್ಪ ತೆಳ್ಳಗಾಯಿತೇನೋ ಎನ್ನಿಸಿದರೆ ಹದ ಸರಿಯಾಗಿದೆ, ಊಟದ ಹೊತ್ತಿಗೆ ಅದು ತಾನಾಗಿ ಬಿಗಿಯುತ್ತದೆ. ಒಲೆಯ ಮೇಲೆಯೇ ಸರಿಯಾಗಿ ಕಂಡರೆ ತಟ್ಟೆಯಲ್ಲಿ ಗಟ್ಟಿಯಾಗುವುದು ಖಂಡಿತ.

ಐದನೆಯ ಹಂತ: ಒಗ್ಗರಣೆ

ಒಂದೂವರೆ ಚಹಾ ಚಮಚ ಕಾಳುಮೆಣಸಿನಲ್ಲಿ ಅರ್ಧದಷ್ಟನ್ನು ಇಡಿಯಾಗಿ ಉಳಿಸಿ, ಉಳಿದರ್ಧವನ್ನು ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿಕೊಳ್ಳಿ. ಎಲ್ಲವನ್ನೂ ಇಡಿಯಾಗಿ ಹಾಕಿದರೆ ತಿನ್ನುವವರು ಕಾಳುಗಳನ್ನು ಆಯ್ದು ತಟ್ಟೆಯಂಚಿಗೆ ಸರಿಸುತ್ತಾರೆ, ಖಾರವೂ ಅವುಗಳೊಡನೆ ಹೋಗುತ್ತದೆ. ಪೊಟ್ಟಣದ ನುಣ್ಣನೆಯ ಮೆಣಸಿನ ಪುಡಿ ಬಿಸಿ ತುಪ್ಪದಲ್ಲಿ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ, ಬಿಳುಪನ್ನೂ ಕೆಡಿಸುತ್ತದೆ.

4 ದೊಡ್ಡ ಚಮಚ ತುಪ್ಪವನ್ನು ಸಣ್ಣ ಉರಿಯಲ್ಲಿ ಕಾಯಿಸಿ, ಗೋಡಂಬಿಯನ್ನು ಹೊಂಬಣ್ಣಕ್ಕೆ ಹುರಿದು ತೆಗೆದಿಡಿ. ಅದೇ ತುಪ್ಪಕ್ಕೆ ಇಡಿ ಮೆಣಸು ಹಾಕಿ, ಅದು ಉಬ್ಬಿ ಸಣ್ಣಗೆ ಸದ್ದು ಮಾಡಿದ ಮೇಲೆ ಒಂದೂವರೆ ಚಹಾ ಚಮಚ ಜೀರಿಗೆ ಹಾಕಬೇಕು. ಜೀರಿಗೆ ಮೊದಲು ಬಿದ್ದರೆ, ಮೆಣಸು ಅರಳುವ ಹೊತ್ತಿಗೆ ಅದು ಕಪ್ಪಾಗಿರುತ್ತದೆ. ಅನಂತರ ಹೆಚ್ಚಿದ ಶುಂಠಿ, ಕರಿಬೇವು. ಒಲೆ ಆರಿಸಿದ ಮೇಲೆ ಇಂಗು ಮತ್ತು ಕುಟ್ಟಿದ ಮೆಣಸು. ಕೂಡಲೇ ಎಲ್ಲವನ್ನೂ ಪೊಂಗಲ್ ಮೇಲೆ ಸುರಿದು, ಒಗ್ಗರಣೆ ಸೌಟಿಗೆ ಒಂದು ಸೌಟು ಪೊಂಗಲ್ ಹಾಕಿ ಒರೆಸಿ ಹಿಂದಿರುಗಿಸಿ. ಅರ್ಧ ಪರಿಮಳ ಅಲ್ಲಿಯೇ ಅಂಟಿಕೊಂಡಿರುತ್ತದೆ. ತುಪ್ಪ ಮನೆಯಲ್ಲಿ ಕಾಯಿಸಿದ್ದಾದರೆ ಉತ್ತಮ. ವನಸ್ಪತಿ ಬೆರೆಸಿದರೆ ಆರಿದಾಗ ಅಂಗುಳಕ್ಕೆ ಮೇಣದಂತೆ ಹತ್ತುತ್ತದೆ.

ಗೋಡಂಬಿಯನ್ನು ಬಡಿಸುವಾಗ ಬೆರೆಸಿದರೆ ಗರಿಗರಿಯಾಗಿರುತ್ತದೆ. ತಿನ್ನುವವರು ತಡವಾಗಿ ಬರುವುದಾದರೆ ಮುಚ್ಚಿದ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟಿರಿ. ಆದರೂ ಗಟ್ಟಿಯಾದರೆ ಕಾಲು ಲೋಟ ಕುದಿಯುವ ನೀರು ಹಾಕಿ, ಸಣ್ಣ ಉರಿಯಲ್ಲಿ ತಿರುವಿ, ಉಪ್ಪನ್ನು ಮತ್ತೊಮ್ಮೆ ರುಚಿ ನೋಡಿ ಬಡಿಸಿ.